ಗುಂಡು ಬಿಟ್ಟು ನೋಡು

ದಾವಣಗೆರೆ ನಿಟುವಳ್ಳಿಯ ಆ ಸೈಟಿನಲ್ಲಿ ಪಡುವಣ ಗೋಡೆಯನ್ನು ಮಂಜನ ಕೈಗೆ ಕೊಟ್ಟಿದ್ದರು. ಹತ್ತಡಿ ಉದ್ದ, ಒಂಬತ್ತಿಂಚಿನ ಗೋಡೆ. ಹಿಂದಿನ ದಿನ ಹನುಮಂತಪ್ಪ ಮೇಸ್ತ್ರಿ ತಾವೇ ಇಟ್ಟಿಗೆಯ ನಾಲ್ಕು ವರಸೆ ಕಟ್ಟಿ ಬಿಟ್ಟಿದ್ದರು. ಬೆಳಿಗ್ಗೆ ಬಂದವರೇ ಮುಂಬಾಗಿಲ ಚೌಕಟ್ಟು ನಿಲ್ಲಿಸುವುದಕ್ಕೆ ಹೋಗುತ್ತ, "ಇಲ್ಲಿಂದ ನೀ ಏರಿಸು. ಮೂರು ವರಸೆಗೊಮ್ಮೆ ಗುಂಡು ಬಿಡು" ಎಂದಷ್ಟೇ ಹೇಳಿದ್ದರು.

ಮಂಜನಿಗೆ ಇಟ್ಟಿಗೆ ಹಿಡಿಯುವುದು ಚೆನ್ನಾಗಿಯೇ ಬರುತ್ತಿತ್ತು. ರಾತ್ರಿಯೇ ತೊಟ್ಟಿಗೆ ಹಾಕಿ ನೆನೆಸಿದ ಇಟ್ಟಿಗೆ, ಒಂದಕ್ಕೆ ಆರರ ಗಾರೆ, ಅರ್ಧ ಇಂಚು ಮೀರದ ಸಂದು, ಸಂದಿನ ಮೇಲೆ ಸಂದು ಬೀಳದ ಹಾಗೆ ಜೋಡಣೆ, ಇದರಲ್ಲೆಲ್ಲ ತಪ್ಪಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಆರು ವರಸೆ ಎದ್ದಿತ್ತು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು ಮಾತ್ರ ಬಾಂಡ್ಲಿಯ ಪಕ್ಕದಲ್ಲಿ ದಾರ ಸುತ್ತಿಕೊಂಡು ಹಾಗೆಯೇ ಬಿದ್ದಿತ್ತು.

ಮೇಸ್ತ್ರಿ ಬಂದು ಗೋಡೆಯ ತಲೆಯ ಮೇಲೆ ಅಂಗೈ ಇಟ್ಟರು.

"ಗುಂಡು ಬಿಟ್ಟಿದ್ಯಾ?"

"ಕಣ್ಣಿಗೆ ನೆಟ್ಟಗ ಕಾಣ್ತೈತಲ್ಲ ಅಜ್ಜ. ಪಕ್ಕದ ಮನಿ ಗ್ವಾಡಿಗೂ ನಮ್ಮ ಗ್ವಾಡಿಗೂ ನಡುವಿನ ಸಂದಿ ಮ್ಯಾಲ ಕೆಳಗ ಒಂದ ಸಮ ಐತಿ. ಎರಡು ಸಲ ನೋಡೀನಿ."

"ಬಿಡು ಈಗ."

ಮಂಜ ಗುಂಡಿನ ದಾರ ಹಾದ ಮರದ ಚಕ್ಕೆಯನ್ನು ಗೋಡೆಯ ಮೇಲಂಚಿಗೆ ಹೊರಗಿನಿಂದ ಒತ್ತಿ ಹಿಡಿದು ಗುಂಡನ್ನು ಕೆಳಗಿಳಿಸಿದ. ಅದು ತೂಗಾಡಿತು. ಮೇಸ್ತ್ರಿ ಬಗ್ಗಿ ಅಂಗೈಯಿಂದ ಅದನ್ನು ಮೆಲ್ಲಗೆ ತಡೆದು ಬಿಟ್ಟರು. ಗುಂಡು ನಿಂತಾಗ ಅದಕ್ಕೂ ಮೊದಲನೆಯ ವರಸೆಗೂ ನಡುವೆ ಮಂಜನ ಕಿರುಬೆರಳು ಸಲೀಸಾಗಿ ಹೋಗಿ ಬಂತು. ಟೇಪು ಹಿಡಿದರೆ ನಾಲ್ಕು ನೂಲು, ಅಂದರೆ ಸರಿಯಾಗಿ ಅರ್ಧ ಇಂಚು.

"ಏನಂತೈತಿ ಗುಂಡು?"

"ದೂರ ನಿಂತೈತಿ."

"ದೂರ ನಿಂತ್ರ ಗ್ವಾಡಿ ತಲಿ ಹೊರಗ ಬಂದೈತಿ ಅಂತ ಅರ್ಥ. ಗುಂಡು ಗ್ವಾಡಿಗೆ ಒರಗಿ ದಾರ ಓರೆ ಆದ್ರ ತಲಿ ಒಳಗ ಹೋಗೈತಿ, ಬುಡ ಮುಂದ ಬಂದೈತಿ. ಗುಂಡು ಗ್ವಾಡಿನ ಮುಟ್ಟಿಯೂ ಮುಟ್ಟದಂಗ ಇರಬೇಕು. ಆಗ ಮಾತ್ರ ತೂಕಕ್ಕೈತಿ."

ಮಂಜ ಒಪ್ಪಲಿಲ್ಲ. ಸುತ್ತಿಗೆ ಕೆಳಗಿಟ್ಟು ಗೋಡೆಯಿಂದ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಮತ್ತೆ ನೋಡಿದ. ಅವನ ಕಣ್ಣಿಗೆ ಗೋಡೆ ನೆಟ್ಟಗೇ ಇತ್ತು.

ಮೇಸ್ತ್ರಿ ಬೈಯಲಿಲ್ಲ. ಚಕ್ಕೆಯನ್ನು ಅವನ ಕೈಯಿಂದ ತೆಗೆದುಕೊಂಡು ಸಂದಿಯೊಳಗೆ ನುಗ್ಗಿ ಪಕ್ಕದ ಮನೆಯ ಗೋಡೆಗೆ ಗುಂಡು ಬಿಟ್ಟರು. ಹಳೆಯ ಮನೆ, ಆಳವಿಲ್ಲದ ಪಾಯ, ಅಡಿಯಲ್ಲಿ ಎರೆಮಣ್ಣು. ದಾವಣಗೆರೆಯ ಸುತ್ತಮುತ್ತಲ ಈ ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಪಾಯ ಗಟ್ಟಿಯಿಲ್ಲದಿದ್ದರೆ ವರ್ಷ ವರ್ಷವೂ ಗೋಡೆಯನ್ನು ಅಷ್ಟಷ್ಟೇ ಅಲುಗಿಸುತ್ತದೆ. ಆ ಗೋಡೆಗೆ ಗುಂಡು ಬುಡದಲ್ಲಿ ಒರಗಿಕೊಂಡಿತು. ಮೇಸ್ತ್ರಿ ಚಕ್ಕೆಯನ್ನು ಮೇಲಂಚಿನಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಎಳೆದರು. ಗುಂಡು ಒರಗುವುದು ಬಿಟ್ಟು ಬರೇ ಸವರುವಷ್ಟಾದಾಗ ಕೈ ನಿಲ್ಲಿಸಿ, "ಚಕ್ಕಿಗೂ ಗ್ವಾಡಿಗೂ ಎಷ್ಟೈತಿ, ಅಳಿ" ಎಂದರು.

ಒಂದೂವರೆ ಇಂಚಿತ್ತು. ಪಕ್ಕದ ಮನೆಯ ಗೋಡೆ ಆಚೆಗೆ ವಾಲಿತ್ತು.

"ಅದರ ಜೋಡಿ ಸಂದಿ ಸಮ ಮಾಡಾಕ ಹೋಗಿ ನೀನೂ ಅದರ ಹಿಂದ ಹೋಗೀಯ. ಕಣ್ಣು ತಾನಾಗಿ ಅಳಿಯಾದಿಲ್ಲ ಮಂಜ. ಪಕ್ಕದಾಗ ಏನು ನಿಂತಿರತೈತೋ ಅದನ್ನ ಅಳತಿ ಮಾಡಿಕೊಂಡು ಬಿಡತೈತಿ. ಕರೆಂಟ್ ಕಂಬ ಇರಲಿ, ತೆಂಗಿನ ಮರ ಇರಲಿ, ಇಳಿಜಾರಿನ ರಸ್ತಿ ಇರಲಿ."

ಮಂಜ ಸುಮ್ಮನಿದ್ದ. ಆಮೇಲೆ ಕೇಳಿದ: "ಮತ್ತ ಗುಂಡೇ ಸರಿ ಇಲ್ಲದಿದ್ರ?"

ಮೇಸ್ತ್ರಿಗೆ ಈ ಪ್ರಶ್ನೆ ಹಿಡಿಸಿತು. ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, ಕಲ್ಲಿನ ಮೇಲೆ ಕುಳಿತು ಅವನನ್ನೂ ಕೂರಿಸಿಕೊಂಡರು. ಚಕ್ಕೆಯ ಅಗಲವನ್ನೂ ಗುಂಡಿನ ಅಗಲವನ್ನೂ ಟೇಪಿನಿಂದ ಅಳೆಸಿದರು. ಎರಡೂ ಒಂದೇ ಇರಬೇಕು, ದಾರ ಎರಡರ ನಟ್ಟನಡುವೆ ಹಾದಿರಬೇಕು. ಹಾಗಿದ್ದರೆ ಮಾತ್ರ ದಾರ ಗೋಡೆಯಿಂದ ಮೇಲೆಷ್ಟು ದೂರವೋ ಕೆಳಗೂ ಅಷ್ಟೇ ದೂರ ಇರುತ್ತದೆ. ಗುಂಡಿನ ಒಂದು ಮಗ್ಗುಲಿಗೆ ಒಣಗಿದ ಸಿಮೆಂಟು ಅಂಟಿತ್ತು. ಮಂಜ ಅದನ್ನು ಕರಣೆಯ ಮೊನೆಯಿಂದ ಕೆರೆದು ತೆಗೆದ.

"ಇದು ಅರ್ಧ ನೂಲು ಸುಳ್ಳು ಹೇಳಸತೈತಿ. ಹಳೇ ಚಕ್ಕಿ ಅಂಚು ಸವೆದ್ರೂ ಅಷ್ಟ. ಈಗ ಮತ್ತ ಬಿಡು. ಒಂದು ಸಲ ನೋಡಿದ ಮ್ಯಾಲ ಗುಂಡನ್ನ ಅರ್ಧ ಸುತ್ತು ತಿರುಗಿಸಿ ಇನ್ನೊಂದು ಸಲ ನೋಡು. ಎರಡು ಸಲನೂ ಅದೇ ಮಾತು ಹೇಳಿದ್ರ ಗುಂಡು ಸರಿ."

ಎರಡು ಸಲವೂ ಅದೇ ಅರ್ಧ ಇಂಚು.

ಮಂಜ ತಟ್ಟನೆ ಎದ್ದು ಸುತ್ತಿಗೆಯ ಹಿಡಿಯಿಂದ ಮೇಲಿನ ವರಸೆಯನ್ನು ಒಳಕ್ಕೆ ತಟ್ಟಲು ಹೋದ. ಮೇಸ್ತ್ರಿ ಅವನ ಮಣಿಕಟ್ಟು ಹಿಡಿದರು.

"ತಟ್ಟಬ್ಯಾಡ. ಹಸಿ ಇಟ್ಟ ಗಳಿಗ್ಯಾಗ ತಟ್ಟಿದ್ರ ಕೂರತೈತಿ. ಈಗ ಇಟ್ಟಿಗಿ ಗಾರಿ ನೀರು ಕುಡದೈತಿ, ಸಿಮೆಂಟು ಬಿಗಿ ಹಿಡದೈತಿ. ನೀ ಸರಿಸಿದ್ರ ಇಟ್ಟಿಗಿ ಸರೀತೈತಿ, ಆದ್ರ ಗಾರಿ ಬಿಟ್ಟುಕೊಳ್ಳತೈತಿ. ಮ್ಯಾಲ ನೋಡಾಕ ನೆಟ್ಟಗ, ಒಳಗ ಎಳೆ ಬಿರುಕು. ಮಳಿಗಾಲಕ್ಕ ಅದೇ ದಾರ್ಯಾಗ ನೀರು ಬರತೈತಿ."

"ಹಂಗಾರ ಪ್ಲಾಸ್ಟರಿನಾಗ ಸರಿ ಮಾಡಾಕಾಗಲ್ಲೇನು?"

"ಲೆಕ್ಕ ಹಾಕು. ನಿನ್ನ ಆರು ವರಸಿ ಇಪ್ಪತ್ತು ಇಂಚು. ಅದಕ್ಕ ಅರ್ಧ ಇಂಚು ವಾಲೈತಿ. ಕೆಳಗಿನ ನನ್ನ ನಾಲ್ಕು ವರಸಿ ಬಿಟ್ಟು, ಹಿಂಗ ಹೋದ್ರ ಏಳಡಿಗೆ ಲಿಂಟಲ್ ಬರೋ ಹೊತ್ತಿಗೆ ಎಷ್ಟು?"

ಮಂಜ ಬೆರಳು ಮಡಚಿದ. "ಒಂದೂ ಮುಕ್ಕಾಲು."

"ಹತ್ತಡಿಗೆ ಎರಡೂವರಿ ದಾಟತೈತಿ. ಹೊರಗಿನ ಪ್ಲಾಸ್ಟರು ಮುಕ್ಕಾಲು ಇಂಚು. ಎರಡೂವರಿ ಇಂಚು ಗಾರಿ ಎಲ್ಲಿ ನಿಲ್ಲತೈತಿ? ಒಂದೇ ಸಲ ಬಡದ್ರ ಜಾರಿ ಬೀಳತೈತಿ. ಪದರ ಪದರ ಹಾಕಿದ್ರೂ ನಾಳಿ ಬೆರಳಿಂದ ಬಡದ್ರ ಟೊಳ್ಳು ಸದ್ದು. ಮ್ಯಾಲ ಸ್ಲ್ಯಾಬಿನ ಭಾರ ಗ್ವಾಡಿ ನಡುವಿಗೆ ಇಳೀಬೇಕು. ಗ್ವಾಡಿ ವಾಲಿದ್ರ ಭಾರ ಒಂದು ಮಗ್ಗಲಿಗೆ ಹೋಗತೈತಿ. ಹತ್ತಡಿಗೆ ಎರಡು ನೂಲು ಹೆಚ್ಚುಕಡಿಮಿ ಆದ್ರ ನಡೀತೈತಿ. ಅದಕ್ಕಿಂತ ಜಾಸ್ತಿ ನಾ ಬಿಟ್ಟವನಲ್ಲ."

ಆರು ವರಸೆಯನ್ನೂ ಬಿಚ್ಚಿದರು. ಮೇಲಿನಿಂದ ಒಂದೊಂದೇ ಇಟ್ಟಿಗೆಯನ್ನು ಕರಣೆಯ ಬೆನ್ನಿನಿಂದ ಸಡಿಲಿಸಿ, ಅಂಟಿದ ಗಾರೆ ಕೆರೆದು ಮತ್ತೆ ತೊಟ್ಟಿಗೆ ಹಾಕಿದರು. ಬಿಗಿಯಲು ಶುರುವಾದ ಗಾರೆಗೆ ನೀರು ಹಾಕಿ ಮತ್ತೆ ಕಲಸಲು ಹೆಲ್ಪರ್ ಬಾಂಡ್ಲಿ ತಂದಾಗ ಮೇಸ್ತ್ರಿ ಅದನ್ನು ಅಂಗಳದ ಗುಂಡಿಗೆ ಸುರಿಸಿದರು. ಅದಕ್ಕೆ ಮತ್ತೆ ಬಲ ಬರುವುದಿಲ್ಲ.

ಬಿಚ್ಚುವಾಗ ಮೇಸ್ತ್ರಿ ಒಂದು ಕಡೆ ಕೈ ತಡೆದು, ಐದನೆಯ ವರಸೆಯ ಮೇಲೆ ರಸಮಟ್ಟವನ್ನು ಗೋಡೆಗೆ ಅಡ್ಡಲಾಗಿ ಇಟ್ಟರು. ಗುಳ್ಳೆ ಮಂಜ ನಿಂತಿದ್ದ ಒಳಮಗ್ಗುಲಿಗೆ ಓಡಿತು. ಒಳಗೆ ಎತ್ತರ, ಹೊರಗೆ ತಗ್ಗು.

"ನೋಡು, ರೋಗದ ಬೇರು ಇಲ್ಲೈತಿ. ನೀ ಒಳಗ ನಿಂತು ಕಟ್ಟೀಯ. ಕರಣಿ ಗಾರಿ ನಿನ್ನ ಕಡಿಗೆ ದಪ್ಪ ಬಿದ್ದೈತಿ, ಆ ಕಡಿಗೆ ತೆಳು. ಇಟ್ಟಿಗಿ ಹೊರಗ ಬಾಗಿ ಕೂತೈತಿ. ಒಂದು ವರಸಿಗೆ ಅರ್ಧ ನೂಲು ಬಾಗಿದ್ರೂ ಕಣ್ಣಿಗೆ ಬೀಳಾದಿಲ್ಲ. ಆರು ವರಸಿ ಆದ ಮ್ಯಾಲ ಗುಂಡಿಗೆ ಬೀಳತೈತಿ."

ಆಮೇಲಿನ ಕೆಲಸ ನಿಧಾನವಾಗಿ ಸಾಗಿತು. ಮೊದಲು ಎರಡು ತುದಿಯ ಮೂಲೆ ಮೂರು ವರಸೆ. ಮೂಲೆಯ ಎರಡೂ ಮುಖಕ್ಕೆ ಗುಂಡು. ಒಂದೇ ಮುಖ ನೋಡಿದರೆ ಇನ್ನೊಂದು ಕಡೆಗೆ ವಾಲಿದ್ದು ಗೊತ್ತಾಗುವುದಿಲ್ಲ. ಮೂಲೆಗಳ ನಡುವೆ ದಾರ ಬಿಗಿದು ನಡುವಿನ ಇಟ್ಟಿಗೆ, ದಾರಕ್ಕೆ ಇಟ್ಟಿಗೆ ತಾಗದಂತೆ ಒಂದು ಕೂದಲಷ್ಟು ಜಾಗ ಬಿಟ್ಟು. ಒಂದು ಇಟ್ಟಿಗೆ ದಾರವನ್ನು ನೂಕಿದರೂ ಮುಂದಿನವೆಲ್ಲ ಅದರ ಹಿಂದೆ ಹೋಗುತ್ತವೆ. ಪ್ರತಿ ವರಸೆಗೂ ಅಡ್ಡಲಾಗಿ ರಸಮಟ್ಟ.

ಸಂಜೆಗೆ ಗಾಳಿ ಎದ್ದಿತು. ಗುಂಡು ಒಂದು ಕಡೆ ನಿಲ್ಲಲೊಲ್ಲದು. ಮಂಜ ಕೈಯಿಂದ ತಡೆದು ತಡೆದು ಸೋತ. ಮೇಸ್ತ್ರಿ ಚಕ್ಕೆಯನ್ನು ಬಿಟ್ಟು, ಗೋಡೆಯ ತಲೆಯಿಂದ ಮುಂದಕ್ಕೆ ಚಾಚಿದ ರೀಪಿಗೆ ದಾರ ಕಟ್ಟಿಸಿ, ಕೆಳಗೆ ಬಕೆಟ್ಟಿನ ನೀರಿನಲ್ಲಿ ಗುಂಡು ಮುಳುಗಿಸಿದರು. ತಳಕ್ಕೂ ಬದಿಗೂ ತಾಗದ ಹಾಗೆ. ನೀರು ಅದರ ಓಲಾಟ ಹೀರಿಕೊಂಡಿತು. ಮಂಜ ದಾರದಿಂದ ಗೋಡೆಗೆ ಮೇಲೊಂದು ಕಡೆ, ಕೆಳಗೊಂದು ಕಡೆ ಟೇಪು ಹಿಡಿದ. ಎರಡು ಕಡೆಯೂ ನಾಲ್ಕಿಂಚು.

"ತೂಕಕ್ಕೈತಿ" ಎಂದು ಅವನೇ ಹೇಳಿದ.

ಮರುದಿನ ಕಿಟಕಿಯ ಕೆಳಮಟ್ಟದ ಗುರುತು ಹಾಕಬೇಕಿತ್ತು. ಮೂಲೆಯಿಂದ ಮೂಲೆಗೆ ಇಪ್ಪತ್ತೆರಡು ಅಡಿ, ನಡುವೆ ಅಡ್ಡಗೋಡೆ. ಇದಕ್ಕೆ ಮಟ್ಟ ನೋಡುವ ನೀರಿನ ಪೈಪು. ಮಂಜ ಮೊದಲ ಗುರುತಿಗೆ ನೀರು ಹಿಡಿದು ಆ ತುದಿಯ ಹೆಲ್ಪರನಿಗೆ ಗುರುತು ಹಾಕು ಎನ್ನುವಷ್ಟರಲ್ಲಿ ತಾನೇ ತಡೆದ. ಎರಡು ತುದಿಯನ್ನೂ ಒಂದೇ ಕಡೆ ತಂದು ಜೋಡಿಸಿ ನೋಡಿದ. ಒಂದರಲ್ಲಿ ನೀರು ಮುಕ್ಕಾಲು ಇಂಚು ಮೇಲೆ ನಿಂತಿತ್ತು. ಪೈಪನ್ನು ಕೈಯಲ್ಲಿ ಜಾರಿಸುತ್ತ ಹೋದಾಗ ನಡುವೆ ಬೆರಳುದ್ದದ ಗಾಳಿಗುಳ್ಳೆ ಸಿಕ್ಕಿತು. ಪೈಪು ಎತ್ತಿ ತಟ್ಟಿ ಅದನ್ನು ಹೊರಗೆ ಓಡಿಸಿದ ಮೇಲೆ ನೀರು ಸಮವಾಯಿತು. ಹೆಲ್ಪರ್ ಹೆಬ್ಬೆರಳಿನಿಂದ ಪೈಪಿನ ಬಾಯಿ ಮುಚ್ಚಿಕೊಂಡು ನಡೆದಿದ್ದ. ಗುರುತು ಹಾಕುವಾಗ ಬೆರಳು ತೆಗೆಯಬೇಕು, ಇಲ್ಲದಿದ್ದರೆ ನೀರು ಅಲುಗುವುದಿಲ್ಲ ಎಂದು ಮಂಜ ಅವನಿಗೆ ಕೂಗಿ ಹೇಳಿದ. ಮೇಸ್ತ್ರಿ ಬಾಗಿಲ ಬಳಿ ಕುಳಿತು ಕೇಳಿಸಿಕೊಂಡರು, ಎದ್ದು ಬರಲಿಲ್ಲ.

ಗುರುತಾದ ಮೇಲೆ ಮಂಜ ರಸಮಟ್ಟ ಹಿಡಿದುಕೊಂಡು ಅವರ ಬಳಿ ಬಂದ.

"ಅಜ್ಜ, ಇದು ಪೈಪಿನ ಮಾತಿಗೆ ಒಪ್ಪಾದಿಲ್ಲ. ಮಟ್ಟದ ಹಲಗಿ ಮ್ಯಾಲ ಇಟ್ರ ಗುಳ್ಳಿ ಈ ಹಳದಿ ಬಣ್ಣದ ತುದಿಗೆ ಹೋಗತೈತಿ. ಅದೇ ಜಾಗದಾಗ ತುದಿ ಅದಲುಬದಲು ಮಾಡಿಟ್ರೂ ಮತ್ತ ಹಳದಿ ತುದಿಗೇ ಹೋಗತೈತಿ."

ಹಲಗೆ ಓರೆಯಿದ್ದಿದ್ದರೆ ರಸಮಟ್ಟವನ್ನು ಹೇಗೆ ತಿರುಗಿಸಿಟ್ಟರೂ ಗುಳ್ಳೆ ಹಲಗೆಯ ಎತ್ತರದ ಕಡೆಗೇ ಹೋಗಬೇಕು. ಉಪಕರಣದ ಒಂದೇ ತುದಿಗೆ ಅಂಟಿಕೊಂಡರೆ ಉಪಕರಣವೇ ಕೆಟ್ಟಿದೆ. ಮೇಸ್ತ್ರಿ ತಾವೇ ಎರಡು ಸಲ ತಿರುಗಿಸಿಟ್ಟು ನೋಡಿದರು. ಬಹಳ ದಿನ ಬಾಳಿದ ರಸಮಟ್ಟ, ಮೊನ್ನೆ ಸಾರ್ವೆಯಿಂದ ಬಿದ್ದಿತ್ತು.

"ನಿನ್ನೆ ಅಡ್ಡ ಹಿಡಿದದ್ದು ಇದನ್ನೇ ಅಲ್ಲೇನು?" ಮಂಜನ ದನಿಯಲ್ಲಿ ಗಾಬರಿಯಿತ್ತು.

"ಇದನ್ನೇ. ಅದಕ್ಕ ಹೋಗಿ ಗುಂಡು ಬಿಡು. ನಿನ್ನೆ ಕಟ್ಟಿದ್ದಕ್ಕೆಲ್ಲ."

ಮಂಜ ಎರಡು ಮೂಲೆಗೂ ನಡುವಿಗೂ ಗುಂಡು ಬಿಟ್ಟು ಬಂದ. ನಡುವಿನಲ್ಲಿ ಒಂದು ನೂಲಿಗೂ ಕಡಿಮೆ, ಮೂಲೆಗಳಲ್ಲಿ ಅದೂ ಇಲ್ಲ. ಮೇಸ್ತ್ರಿ ತಲೆಯಾಡಿಸಿ, ಜೇಬಿನಿಂದ ದುಡ್ಡು ತೆಗೆದು ಎಣಿಸಿ ಕೊಟ್ಟರು.

"ಹೊಸಾದು ತಗೊಂಡು ಬಾ. ಎರಡಡಿದು. ಅಂಗಡ್ಯಾಗ ನೋಡಿಯೇ ತಗೋ."

ಹಾರ್ಡ್‌ವೇರ್ ಅಂಗಡಿಯ ಗಾಜಿನ ಕೌಂಟರ್ ಮೇಲೆ ಮಂಜ ಮೊದಲನೆಯದನ್ನು ಇಟ್ಟು, ಗುಳ್ಳೆ ನೋಡಿ, ಕೌಂಟರಿನ ಮೇಲೆ ಪೆನ್ಸಿಲ್ಲಿನಿಂದ ಎರಡು ತುದಿಗೂ ಗೆರೆ ಎಳೆದ. ಅದೇ ಗೆರೆಗಳ ನಡುವೆ ತಿರುಗಿಸಿ ಇಟ್ಟ. ಗುಳ್ಳೆ ಮತ್ತೆ ರಸಮಟ್ಟದ ಅದೇ ತುದಿಗೇ ಹೋಯಿತು. ಪಕ್ಕಕ್ಕಿಟ್ಟ. ಎರಡನೆಯದೂ ಹಾಗೆಯೇ.

"ಕಂಪನಿ ಮಾಲಪ್ಪ, ಅದರಾಗ ಏನು ನೋಡ್ತೀಯ?" ಎಂದರು ಅಂಗಡಿಯವರು.

"ಇನ್ನೊಂದು ಕೊಡ್ರಿ" ಎಂದ ಮಂಜ.

ಮೂರನೆಯದರಲ್ಲಿ ಗುಳ್ಳೆ ಎರಡು ಸಲವೂ ರಸ್ತೆಯ ಕಡೆಗೇ ಒಂದಿಷ್ಟು ಸರಿದು ನಿಂತಿತು.

"ಇದು ಸರಿ ಐತಿ. ನಿಮ್ಮ ಕೌಂಟರು ರಸ್ತಿ ಕಡಿಗೆ ಒಂದು ನೂಲು ಎತ್ತರ ಐತ್ರಿ" ಎಂದು ಹೇಳಿ, ದುಡ್ಡು ಎಣಿಸಿ ಕೊಟ್ಟ.