ಜೂನ್ ಕೊನೆಯ ಕಾಫಿಪುಡಿ ಆರ್ಡರ್‌ಗಳು ಏಕೆ ತಡ, ಯಾವಾಗ ಬರುತ್ತವೆ, ಎಷ್ಟು ಹಣ ವಾಪಸ್

ಚಿಕ್ಕಮಗಳೂರು, ಜುಲೈ 6

ಜೂನ್ 22ರಿಂದ 30ರೊಳಗೆ ಆರ್ಡರ್ ಹಾಕಿದ 230 ಮನೆಯವರಲ್ಲಿ ಕ್ಷಮೆ ಕೇಳುತ್ತೇವೆ. ಐದು ದಿನದಲ್ಲಿ ಪುಡಿ ತಲುಪಿಸುತ್ತೇವೆ ಎಂದಿದ್ದೆವು. 208 ಮನೆಗೆ ಇನ್ನೂ ಹೋಗಿಲ್ಲ. ಉಳಿದ 22 ಮನೆಗೆ ಹೋಗಿದೆ, ಆದರೆ ಆ ಪ್ಯಾಕೆಟ್‌ಗಳನ್ನೂ ಬದಲಿಸಿ ಕೊಡುತ್ತಿದ್ದೇವೆ.

ಮಲೆನಾಡಿನ ಮಳೆ ಮೇಲೆ ಹಾಕಿಬಿಡಬಹುದಿತ್ತು, ಯಾರೂ ಅನುಮಾನಪಡುತ್ತಿರಲಿಲ್ಲ. ಆದರೆ ತಪ್ಪು ನಮ್ಮದೇ. ಪ್ಯಾಕೆಟ್‌ಗೆ ಒಂದಿಷ್ಟು ಕಾಸು ಉಳಿಯುತ್ತದೆಂದು ಜೂನ್‌ನಲ್ಲಿ ಹೊಸ ಪೌಚ್ ತರಿಸಿದೆವು. ಹಳೆಯದು 90 ಮೈಕ್ರಾನ್ ದಪ್ಪ, ಇದು 120. ಸೀಲಿಂಗ್ ಮೆಷಿನ್ ಮಾತ್ರ ಹಳೆಯ 150 ಡಿಗ್ರಿಯಲ್ಲೇ, ಹಳೆಯ ವೇಗದಲ್ಲೇ ಓಡಿತು. ಹೊರಗೆ ಗೆರೆ ಚೆನ್ನಾಗಿ ಮೂಡುತ್ತಿತ್ತು. ಒಳಪದರದ ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಕಚ್ಚಿಕೊಳ್ಳುವಷ್ಟು ಬಿಸಿ ಒಳಗೆ ಇಳಿಯುತ್ತಿರಲಿಲ್ಲ. ಪೌಚ್ ಮಾಡಿಕೊಟ್ಟವರು ದಪ್ಪ ಎಷ್ಟೆಂದು ಬರೆದೇ ಕಳಿಸಿದ್ದರು; ಸೀಲ್ ಪರೀಕ್ಷೆ ಮಾಡದೆ ಕೆಲಸಕ್ಕೆ ಇಳಿಸಿದ್ದು ನಾವು.

ಇದರ ಜೊತೆಗೆ ಕರೆಂಟ್. ಮಳೆಗಾಲದ ಸಂಜೆ ನಮ್ಮ ಲೈನಿನಲ್ಲಿ 180 ವೋಲ್ಟ್‌ಗೆ ಇಳಿಯುತ್ತದೆ. 230ಕ್ಕೆ ಹೋಲಿಸಿದರೆ ಹೀಟರ್‌ನ ಶಕ್ತಿ ಆಗ ಶೇ 61 ಮಾತ್ರ. ಸಾಲಾಗಿ ಪ್ಯಾಕೆಟ್ ಹೋಗುತ್ತಿದ್ದರೆ ಕಳೆದುಕೊಂಡ ಬಿಸಿಯನ್ನು ಅದು ತುಂಬಿಕೊಳ್ಳುವುದೇ ಇಲ್ಲ.

ಜೂನ್ 29ರಂದು ಕೊರಿಯರ್‌ಗೆ ಕಟ್ಟಿಟ್ಟ ಡಬ್ಬ ಎತ್ತಿದಾಗ ಕಾಫಿ ಘಮ್ಮೆಂದಿತು. ಸೀಲ್ ಸರಿಯಿದ್ದರೆ ಹಾಗೆ ಬರಬಾರದು. ಇಪ್ಪತ್ತು ಪ್ಯಾಕೆಟ್ ತೆಗೆದು ಬಕೆಟ್ ನೀರಿನಲ್ಲಿ ಅದುಮಿದೆವು, ಏಳರ ಬಾಯಿಯಿಂದ ಗುಳ್ಳೆ ಎದ್ದವು. ನಮ್ಮ ಪುಡಿಯಲ್ಲಿ ಶೇ 20 ಚಿಕೋರಿ ಇದೆ, ಅದು ತೇವ ಎಳೆದುಕೊಳ್ಳುವುದರಲ್ಲಿ ಮುಂದು. ಈ ಹವೆಯಲ್ಲಿ ಗಾಳಿಯಾಡಿದ ಪುಡಿ ಗಂಟುಕಟ್ಟುತ್ತದೆ, ಡಿಕಾಕ್ಷನ್ ಸಪ್ಪೆಯಾಗುತ್ತದೆ. ಹಾಗಾಗಿ 400ರಲ್ಲಿ ಉಳಿದ 364 ಪ್ಯಾಕೆಟ್ ತಡೆದೆವು. ಬೇರೆ ಪೌಚ್‌ಗೆ ಸುರಿದು ಕಳಿಸುವುದು ಸುಲಭವಿತ್ತು, ಆದರೆ ಅಷ್ಟರಲ್ಲಿ ಪುಡಿ ಹಳತಾಗಿತ್ತು. ಆ 91 ಕೆಜಿ ಗೊಬ್ಬರದ ಗುಂಡಿಗೆ ಹೋಗಿದೆ.

ಈಗ ಸೀಲರ್ 175 ಡಿಗ್ರಿಯಲ್ಲಿದೆ. ನಿಮಿಷಕ್ಕೆ ಎಂಟು ಪ್ಯಾಕೆಟ್ ಬದಲು ಐದು. ಸ್ಟೆಬಿಲೈಜರ್ ಕೂರಿಸಿದ್ದೇವೆ, ಸವೆದಿದ್ದ ಟೆಫ್ಲಾನ್ ಬೆಲ್ಟ್ ಬದಲಿಸಿ ಇನ್ನೊಂದು ಸ್ಪೇರ್ ಇಟ್ಟಿದ್ದೇವೆ. ಸೀಲ್ ಗೆರೆಯಲ್ಲಿ ಚಿಟಿಕೆ ಪುಡಿ ಕೂತರೂ ಸಣ್ಣ ಸುರಂಗ ಉಳಿದುಬಿಡುತ್ತದೆ. ಅದಕ್ಕೆ ಉದ್ದ ಮೂತಿಯ ಆಲಿಕೆಯಲ್ಲಿ ತುಂಬಿ, ಮೇಲೆ ನಾಲ್ಕು ಸೆಂ.ಮೀ. ಖಾಲಿ ಬಿಟ್ಟು, ಒಣಬಟ್ಟೆಯಲ್ಲಿ ಬಾಯಿ ಒರೆಸಿಯೇ ಸೀಲ್ ಮಾಡುತ್ತೇವೆ. ಮೆಷಿನ್ ಹಚ್ಚಿದಾಗ ಮೊದಲ ಐದು, ಆಮೇಲೆ ಪ್ರತಿ ಐವತ್ತಕ್ಕೆ ಒಂದು ಬಕೆಟ್‌ಗೆ. ಒಂದು ಗುಳ್ಳೆ ಎದ್ದರೂ ಹಿಂದಿನ ಐವತ್ತೂ ವಾಪಸ್.

ಇನ್ನೊಂದು ತಪ್ಪೂ ಇದೆ, ಬಹುಶಃ ಅದೇ ನಿಮಗೆ ಹೆಚ್ಚು ಸಿಟ್ಟು ತರಿಸಿದ್ದು. ಲೇಬಲ್ ಮುದ್ರಿಸಿದ ಕೂಡಲೇ ನಿಮ್ಮ ಫೋನಿಗೆ ‘ರವಾನೆಯಾಗಿದೆ’ ಎಂದು ತಾನಾಗಿ ಮೆಸೇಜ್ ಹೋಗುತ್ತಿತ್ತು. ಡಬ್ಬ ನಮ್ಮ ಮೇಜಿನ ಮೇಲೇ ಇತ್ತು, ಟ್ರ್ಯಾಕಿಂಗ್‌ನಲ್ಲಿ Label created ಎಂದಷ್ಟೇ ಕಾಣುತ್ತಿತ್ತು. 29ಕ್ಕೇ ವಿಷಯ ಗೊತ್ತಿದ್ದೂ ನಿಮಗೆ ತಿಳಿಸಿದ್ದು ಜುಲೈ 3ಕ್ಕೆ. ಇನ್ನು ಮುಂದೆ ಕೊರಿಯರ್‌ನವರು ಸ್ಕ್ಯಾನ್ ಮಾಡಿದ ಮೇಲೆಯೇ ಆ ಮೆಸೇಜ್ ಹೋಗುತ್ತದೆ. ತಡವಾಗುತ್ತದೆ ಎಂದು ಗೊತ್ತಾದ ದಿನವೇ ನಿಮಗೂ ಗೊತ್ತಾಗುತ್ತದೆ.

100 ಕೆಜಿ ಪುಡಿ ಹೊಸದಾಗಿ ಆಗಬೇಕು. ಚಿಕೋರಿ ಕಳೆದರೆ 80 ಕೆಜಿ ಹುರಿದ ಕಾಫಿ. ಹುರಿಯುವಾಗ ತೂಕ ಶೇ 16ರಷ್ಟು ಇಳಿಯುವುದರಿಂದ ಸುಮಾರು 95 ಕೆಜಿ ಹಸಿ ಬೀಜ, 15 ಕೆಜಿಯ ರೋಸ್ಟರ್‌ನಲ್ಲಿ ಏಳು ಸುತ್ತು. ಇಂದು ಶುರುವಾಗಿದೆ, ನಾಳೆಗೆ ಮುಗಿಯುತ್ತದೆ. ಒಂದು ರಾತ್ರಿ ಬಿಟ್ಟು ಬೀಸುತ್ತೇವೆ. 22 ಮನೆಯವರ ಪ್ಯಾಕೆಟ್ ಜುಲೈ 8ಕ್ಕೆ, ಉಳಿದವು 9 ಮತ್ತು 10ಕ್ಕೆ ಹೊರಡುತ್ತವೆ. ಹಾಸನ, ಮೈಸೂರು, ಬೆಂಗಳೂರಿಗೆ ಎರಡು ದಿನ, ಬೇರೆ ಕಡೆ ನಾಲ್ಕೈದು ದಿನ ಹಿಡಿಯಬಹುದು.

ಕಾಯುವವರಿಗೆ ಆರ್ಡರ್ ಮೊತ್ತದಲ್ಲಿ ಶೇ 20 ಮತ್ತು ಪೂರ್ತಿ ಕೊರಿಯರ್ ಖರ್ಚು ವಾಪಸ್. ಕೇಳಬೇಕಿಲ್ಲ, ಕೂಪನ್ನೂ ಅಲ್ಲ, ನೀವು ದುಡ್ಡು ಕಟ್ಟಿದ ಖಾತೆಗೇ ಏಳು ಕೆಲಸದ ದಿನದೊಳಗೆ ಬರುತ್ತದೆ. ಕಾಯಲಾಗದು, ಅಂಗಡಿಯಲ್ಲಿ ಆಗಲೇ ಪುಡಿ ತಂದಾಯಿತು ಎನ್ನುವವರು ಜುಲೈ 8ರ ಸಂಜೆ 5ರೊಳಗೆ, ಆರ್ಡರ್ ಹಾಕಿದ ವಾಟ್ಸಾಪ್ ನಂಬರಿಗೇ ‘ರದ್ದು’ ಎಂದು ಕಳಿಸಿ. ಪೂರ್ತಿ ಹಣ ಕೊಡುತ್ತೇವೆ, ಕಾರಣ ಕೇಳುವುದಿಲ್ಲ.

ಪುಡಿ ಈಗಾಗಲೇ ತಲುಪಿರುವ 22 ಮನೆಯವರಿಗೂ ಇದೇ ಶೇ 20 ಇದೆ. ಹಳೆಯ ಪ್ಯಾಕೆಟ್ ವಾಪಸ್ ಕಳಿಸಬೇಡಿ. ಪುಡಿ ಉದುರುದುರಾಗಿದ್ದು ವಾಸನೆ ಸರಿಯಿದ್ದರೆ ಗಾಳಿಯಾಡದ ಡಬ್ಬಿಗೆ ಸುರಿದು ವಾರದೊಳಗೆ ಬಳಸಿ. ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಕುಡಿಯಬೇಡಿ, ಗಿಡದ ಬುಡಕ್ಕೆ ಹಾಕಿ.