ಪ್ರಯಾಣ ವೆಚ್ಚ ಮರುಪಾವತಿ ಕೋರಿಕೆ: ಮುಧೋಳ–ವಿಜಯಪುರ–ಕೊಲ್ಹಾರ, 2026ರ ಜನವರಿ 12ರಿಂದ 15

ದಿನಾಂಕ: 19 ಜನವರಿ 2026
ಸ್ಥಳ: ಉದ್ಯಮಬಾಗ, ಬೆಳಗಾವಿ

ಇವರಿಗೆ,
ವ್ಯವಸ್ಥಾಪಕರು, ಲೆಕ್ಕಪತ್ರ ವಿಭಾಗ

ಇವರಿಂದ,
ಗೀತಾ, ಸೇವಾ ಎಂಜಿನಿಯರ್, ಸಿಬ್ಬಂದಿ ಸಂಖ್ಯೆ 217

ಮಾನ್ಯರೇ,

ಮೇಲಿನ ನಾಲ್ಕು ದಿನಗಳ ಪ್ರಯಾಣಕ್ಕೆ ನಿಯಮದಂತೆ ನನಗೆ ಸಲ್ಲಬೇಕಾದ ಮೊತ್ತ 10,804 ರೂಪಾಯಿ. ಜನವರಿ 10ರಂದು ಪಡೆದ ಮುಂಗಡ 6,000 ರೂಪಾಯಿಯನ್ನು ಕಳೆದರೆ ಉಳಿಯುವುದು 4,804 ರೂಪಾಯಿ. ಅದನ್ನು ವೇತನ ಜಮೆಯಾಗುವ ಖಾತೆಗೇ ಹಾಕಬೇಕೆಂದು ಕೋರುತ್ತೇನೆ. ಹಿಂದಿರುಗಿದ ಏಳು ಕೆಲಸದ ದಿನಗಳೊಳಗೆ ಕೋರಿಕೆ ಸಲ್ಲಿಸಬೇಕೆಂಬ ನಿಯಮ 2.2ರ ಗಡುವಿನೊಳಗೇ ಇದನ್ನು ಕೊಡುತ್ತಿದ್ದೇನೆ.

ಇದರಲ್ಲಿ ನಿಮ್ಮ ತೀರ್ಮಾನ ಬೇಕಿರುವುದು ಒಂದಕ್ಕೆ ಮಾತ್ರ: ವಿಜಯಪುರದ ಹೋಟೆಲ್ ಬಾಡಿಗೆ ಮಿತಿ ಮೀರಿದೆ. ಶಾಖಾ ವ್ಯವಸ್ಥಾಪಕರ ಅನುಮತಿ ಜೊತೆಗಿದೆ. ಉಳಿದ ಬಾಬ್ತುಗಳೆಲ್ಲ ಮಿತಿಯೊಳಗಿವೆ.

ಪ್ರಯಾಣದ ಉದ್ದೇಶ

ಮುಧೋಳ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರ ವೇಬ್ರಿಜ್‌ನಲ್ಲಿ ಎರಡು ಲೋಡ್ ಸೆಲ್‌ಗಳು ಕೆಟ್ಟಿದ್ದವು. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾಟಾ ನಿಂತರೆ ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬರುತ್ತದೆ. ಹೀಗಾಗಿ ಶನಿವಾರ ದೂರು ಬಂದು ಸೋಮವಾರ ನಸುಕಿಗೆ ನಾನು ಹೊರಟೆ. ಅಲ್ಲಿಂದ ಮುಂದೆ ಕೊಲ್ಹಾರದ ಆಚೆಗಿನ ಶೀತಲಗೃಹವೊಂದರ ವೇಬ್ರಿಜ್‌ನ ವಾರ್ಷಿಕ ತಪಾಸಣೆ ಬಾಕಿ ಇತ್ತು. ಒಂದೇ ಸುತ್ತಿನಲ್ಲಿ ಎರಡನ್ನೂ ಮುಗಿಸುವಂತೆ ಸೇವಾ ವಿಭಾಗದ ಆದೇಶವಿದೆ. ಆ ಆದೇಶವೂ ಎರಡೂ ಗ್ರಾಹಕರು ಸಹಿ ಮಾಡಿದ ಸೇವಾ ವರದಿಗಳೂ ಕಡತದ ಮೊದಲಲ್ಲಿವೆ.

ಖರ್ಚಿನ ಪಟ್ಟಿ

ಮೊತ್ತಗಳೆಲ್ಲ ರೂಪಾಯಿಗಳಲ್ಲಿ. ನಿಯಮ ಸಂಖ್ಯೆಗಳು ನಮ್ಮ ಸಂಸ್ಥೆಯ ಪ್ರಯಾಣ ನಿಯಮಾವಳಿಯವು. ಬಿಲ್ಲುಗಳ ಮೇಲ್ತುದಿಯಲ್ಲಿ ಇದೇ ಲಗತ್ತು ಸಂಖ್ಯೆಯನ್ನು ಬರೆದಿದ್ದೇನೆ.

| ಲಗತ್ತು | ಜನವರಿ | ವಿವರ | ಕೊಟ್ಟದ್ದು | ಕೋರಿದ್ದು | ನಿಯಮ |
|---|---|---|---|---|---|
| 1 | 12 | ಆಟೊ, ಮನೆಯಿಂದ ಬೆಳಗಾವಿ ಬಸ್ ನಿಲ್ದಾಣ, ಯುಪಿಐ | 180 | 180 | 4.3 |
| 2 | 12 | ಬಸ್, ಬೆಳಗಾವಿ–ಮುಧೋಳ: ಶೂನ್ಯ ಟಿಕೆಟ್, ಲಗೇಜ್ ಟಿಕೆಟ್ | 64 | 64 | 3.1 |
| 3 | 12 | ಮುಧೋಳ ವಸತಿಗೃಹ, ಒಂದು ರಾತ್ರಿ: 1,100 + ಜಿಎಸ್‌ಟಿ 55 | 1,155 | 1,155 | 5.1 |
| 4 | 13 | ಬಸ್, ಮುಧೋಳ–ವಿಜಯಪುರ: ಶೂನ್ಯ ಟಿಕೆಟ್, ಲಗೇಜ್ ಟಿಕೆಟ್ | 52 | 52 | 3.1 |
| 5 | 13 | ಆಟೊ, ವಿಜಯಪುರ ನಿಲ್ದಾಣದಿಂದ ಹೋಟೆಲ್, ಯುಪಿಐ | 120 | 120 | 4.3 |
| 6 | 13, 14 | ವಿಜಯಪುರ ಹೋಟೆಲ್, ಎರಡು ರಾತ್ರಿ: 4,800 + ಜಿಎಸ್‌ಟಿ 240, ಇಸ್ತ್ರಿ 90 | 5,130 | 5,040 | 5.1, 5.4 |
| 7 | 14 | ಬಾಡಿಗೆ ಕಾರು, ವಿಜಯಪುರ–ಕೊಲ್ಹಾರ–ಶೀತಲಗೃಹ–ವಿಜಯಪುರ | 2,070 | 2,070 | 4.6 |
| 8 | 14 | ಟೋಲ್, ಹೋಗುವಾಗ 100, ಬರುವಾಗ 80 | 180 | 160 | 4.7 |
| 9 | 15 | ಆಟೊ, ಹೋಟೆಲಿನಿಂದ ವಿಜಯಪುರ ನಿಲ್ದಾಣ, ಯುಪಿಐ | 120 | 120 | 4.3 |
| 10 | 15 | ಬಸ್, ವಿಜಯಪುರ–ಬೆಳಗಾವಿ: ಶೂನ್ಯ ಟಿಕೆಟ್, ಲಗೇಜ್ ಟಿಕೆಟ್ | 88 | 88 | 3.1 |
| 11 | 15 | ಆಟೊ, ಬೆಳಗಾವಿ ನಿಲ್ದಾಣದಿಂದ ಮನೆ, ನಗದು | 180 | 180 | 4.3 |
| 12 | 12–15 | ಹಮಾಲಿ, ಮೂರು ಬಾರಿ ತಲಾ 50, ನಗದು | 150 | 150 | 4.4 |
| 13 | 12–15 | ಊಟದ ದಿನಭತ್ಯೆ | ಭತ್ಯೆ | 1,425 | 6.2 |
| | | ಒಟ್ಟು | | 10,804 | |

ಹೋಟೆಲ್ ಬಾಡಿಗೆ (ಲಗತ್ತು 6)

ನಿಯಮ 5.1ರಂತೆ ಜಿಲ್ಲಾ ಕೇಂದ್ರಗಳಲ್ಲಿ ವಸತಿಯ ಮಿತಿ ತೆರಿಗೆ ಬಿಟ್ಟು ದಿನಕ್ಕೆ 1,800 ರೂಪಾಯಿ. ನಾನು ಕೊಟ್ಟದ್ದು 2,400. ಎರಡು ರಾತ್ರಿಗೆ ಹೆಚ್ಚಾದದ್ದು 1,200, ಅದರ ಮೇಲಿನ ತೆರಿಗೆ 60 ಸೇರಿ 1,260 ರೂಪಾಯಿ.

ನಾನು ವಿಜಯಪುರಕ್ಕೆ ಇಳಿದದ್ದು ಸಂಕ್ರಾಂತಿಯ ಹೊತ್ತಿಗೆ. ಸಿದ್ಧೇಶ್ವರ ಜಾತ್ರೆಗೆ ಊರಿಗೆ ಊರೇ ತುಂಬಿರುತ್ತದೆ, ದನಗಳ ಸಂತೆಗೆಂದು ಹೊರ ಜಿಲ್ಲೆಗಳಿಂದಲೂ ಜನ ಬಂದಿರುತ್ತಾರೆ. ಮಿತಿಯೊಳಗೆ ಸಿಗಬಹುದಾದ ನಾಲ್ಕು ವಸತಿಗೃಹಗಳಿಗೆ ಮಧ್ಯಾಹ್ನವೇ ಫೋನ್ ಮಾಡಿದೆ. ಮೂರರಲ್ಲಿ ಕೊಠಡಿ ಇರಲಿಲ್ಲ. ನಾಲ್ಕನೆಯದರಲ್ಲಿ ಇದ್ದದ್ದು ಆರು ಜನರ ಸಾಲು ಮಂಚದ ಕೋಣೆ. ಜಮಖಂಡಿಗೆ ಹಿಂದಿರುಗಿ ತಂಗಿ ಬೆಳಿಗ್ಗೆ ಮತ್ತೆ ಬರಬಹುದಿತ್ತು. ಆದರೆ 42 ಕಿಲೊ ತೂಕದ ಪೆಟ್ಟಿಗೆಯೊಂದಿಗೆ ಅದನ್ನು ಕಾರಿನಲ್ಲೇ ಮಾಡಬೇಕಾಗುತ್ತಿತ್ತು. ಆ ಖರ್ಚು 1,260 ರೂಪಾಯಿಗಿಂತ ಕಡಿಮೆಯಾಗುತ್ತಿರಲಿಲ್ಲ, ಮರುದಿನದ ಕೆಲಸವೂ ತಡವಾಗುತ್ತಿತ್ತು.

ಬೇರೆ ದಾರಿ ಇಲ್ಲದಾಗ ಶಾಖಾ ವ್ಯವಸ್ಥಾಪಕರ ಲಿಖಿತ ಅನುಮತಿ ಪಡೆದು ಮಿತಿ ಮೀರಬಹುದು ಎನ್ನುತ್ತದೆ ನಿಯಮ 5.4. ಕೊಠಡಿ ಪಡೆಯುವ ಮುನ್ನ, 13ರ ಸಂಜೆ 5.40ಕ್ಕೆ ಅವರ ಇಮೇಲ್ ಬಂದಿದೆ. ಅದರ ಮುದ್ರಿತ ಪ್ರತಿ ಹೋಟೆಲ್ ಬಿಲ್ಲಿನ ಹಿಂದೆ ಇದೆ.

ಇದನ್ನು ಇನ್ನೊಮ್ಮೆ ಪರಿಶೀಲಿಸಬೇಕೆಂದು ನಿಮಗೆ ಅನಿಸಿದರೆ ದಯವಿಟ್ಟು 1,260 ರೂಪಾಯಿಯನ್ನಷ್ಟೇ ತಡೆಹಿಡಿದು ಉಳಿದ 3,544 ರೂಪಾಯಿಯನ್ನು ಬಿಡುಗಡೆ ಮಾಡಿ. ಒಂದು ಸಾಲಿನ ಪ್ರಶ್ನೆಗಾಗಿ ಇಡೀ ಕಡತ ಮೇಜಿನ ಮೇಲೆ ಕಾಯುವುದು ಬೇಡ.

ಬಿಲ್ಲಿನ ಕೆಳಗಿನ ಮೊತ್ತ 5,130 ಎಂದಿದ್ದು ಪಟ್ಟಿಯಲ್ಲಿ 5,040 ಇರುವುದೇಕೆ ಎಂದು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅದರಲ್ಲಿ 90 ರೂಪಾಯಿ ಬಟ್ಟೆ ಇಸ್ತ್ರಿಯದು. ಅದು ನನ್ನ ಖರ್ಚು, ಆ ಸಾಲಿನ ಪಕ್ಕದಲ್ಲಿ ಗುರುತು ಹಾಕಿದ್ದೇನೆ. ಎರಡೂ ಊರುಗಳ ವಸತಿ ಬಿಲ್ಲುಗಳಲ್ಲಿ ನಮ್ಮ ಸಂಸ್ಥೆಯ ಹೆಸರು, ಜಿಎಸ್‌ಟಿ ಸಂಖ್ಯೆ ಇವೆ. ಮುಧೋಳದಲ್ಲಿ ಮೊದಲು ನನ್ನ ಹೆಸರಿಗೆ ಬರೆದಿದ್ದರು, ನಿಂತು ಬದಲಿಸಿಕೊಂಡೆ. ತೆರಿಗೆ ದರ ಹಿಂದಿನ ಬಿಲ್ಲುಗಳಲ್ಲಿದ್ದ 12%ರ ಬದಲು 5% ಆಗಿರುವುದು ತಪ್ಪಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಅನ್ವಯವಾಗುವ ದರ ಇದೇ.

ಶೂನ್ಯ ಟಿಕೆಟ್‌ಗಳು (ಲಗತ್ತು 2, 4, 10)

ಮೂರೂ ಬಸ್ ಪ್ರಯಾಣಗಳು ಶಕ್ತಿ ಯೋಜನೆಯಡಿ ಉಚಿತವಾಗಿದ್ದವು. ಬಸ್ಸಿಗೆ ಟಿಕೆಟಿನಲ್ಲಿರುವ ನಿಜವಾದ ದರವನ್ನೇ ಕೊಡಬೇಕೆಂದು ನಿಯಮ 3.1 ಹೇಳುವುದರಿಂದ ನನ್ನ ಪ್ರಯಾಣಕ್ಕೆ ಏನನ್ನೂ ಕೋರಿಲ್ಲ. ಟಿಕೆಟ್‌ಗಳನ್ನು ಇಟ್ಟಿರುವುದು ಪ್ರಯಾಣ ಮಾಡಿದ್ದಕ್ಕೆ ಸಾಕ್ಷಿಯಾಗಿ ಮಾತ್ರ. ಕಳೆದ ಬಾರಿ ಅವುಗಳನ್ನು ಸೇರಿಸದೆ ಕೊಟ್ಟಾಗ ಬಸ್ ಟಿಕೆಟ್ ಎಲ್ಲಿ ಎಂಬ ಟಿಪ್ಪಣಿಯೊಂದಿಗೆ ಕಡತ ಹಿಂದಿರುಗಿತ್ತು. ಯೋಜನೆಯ ಉಚಿತ ಪ್ರಯಾಣ ನನಗಿದೆ, ಲೋಡ್ ಸೆಲ್ ಪೆಟ್ಟಿಗೆಗಿಲ್ಲ. ಹೀಗಾಗಿ ಕೋರಿರುವುದು ಪೆಟ್ಟಿಗೆಯ ಲಗೇಜ್ ಟಿಕೆಟ್‌ಗಳ 204 ರೂಪಾಯಿಯನ್ನಷ್ಟೇ. ಹೋಗುವಾಗ ಪೆಟ್ಟಿಗೆಯಲ್ಲಿ ಹೊಸ ಸೆಲ್‌ಗಳಿದ್ದವು, ಬರುವಾಗ ಕೆಟ್ಟ ಸೆಲ್‌ಗಳು. ತೂಕ ಇಳಿಯಲಿಲ್ಲ.

ಲಗತ್ತು 2ರ ಟಿಕೆಟ್ ವಾಯವ್ಯ ಕರ್ನಾಟಕ ಸಾರಿಗೆಯದು, 4 ಮತ್ತು 10 ಕಲ್ಯಾಣ ಕರ್ನಾಟಕ ಸಾರಿಗೆಯವು. ವಿಜಯಪುರ ಘಟಕದ ಬಸ್ಸುಗಳು ಆ ನಿಗಮಕ್ಕೆ ಸೇರಿದವು. ಟಿಕೆಟ್‌ಗಳ ನಮೂನೆ ಬೇರೆಯಾಗಿ ಕಾಣುವುದಕ್ಕೆ ಕಾರಣ ಇದು. ಯಂತ್ರದ ಟಿಕೆಟ್‌ಗಳ ಅಕ್ಷರ ತಿಂಗಳೊಳಗೆ ಮಾಸುವುದರಿಂದ ಅದೇ ದಿನ ನೆರಳಚ್ಚು ತೆಗೆಸಿ, ಮೂಲದ ಜೊತೆ ಅಂಟಿಸಿದ್ದೇನೆ.

ಕಾರು ಮತ್ತು ಟೋಲ್ (ಲಗತ್ತು 7, 8)

ಶೀತಲಗೃಹ ಹೆದ್ದಾರಿಯಿಂದ ಒಳಗಿದೆ, ಅಲ್ಲಿಗೆ ಬಸ್ ಇಲ್ಲ. 25 ಕಿಲೊಗಿಂತ ಹೆಚ್ಚಿನ ಉಪಕರಣಗಳಿದ್ದು ಸಾರ್ವಜನಿಕ ಸಾರಿಗೆ ಇಲ್ಲದ ಕಡೆ ಬಾಡಿಗೆ ಕಾರಿಗೆ ನಿಯಮ 4.6 ಅವಕಾಶ ಕೊಡುತ್ತದೆ. ದರದ ಮಿತಿ ಕಿಲೊಮೀಟರಿಗೆ 16 ರೂಪಾಯಿ, ಚಾಲಕನ ಭತ್ಯೆ ಬೇರೆ. ಓಡೊಮೀಟರ್ ಹೊರಡುವಾಗ 48,312, ಹಿಂದಿರುಗಿದಾಗ 48,430. ಎಂದರೆ 118 ಕಿಲೊಮೀಟರ್, 15 ರೂಪಾಯಿಯಂತೆ 1,770, ಚಾಲಕನ ಭತ್ಯೆ 300. ಎರಡು ಓದುಗಳ ಫೋಟೊ ಲಗತ್ತಿಸಿದ್ದೇನೆ. ಬಿಲ್ ಕೈಬರಹದ್ದು, ಅದರ ಮೇಲೆ ಜಿಎಸ್‌ಟಿ ಸಂಖ್ಯೆ ಇಲ್ಲ. ಒಂದೇ ಕಾರು ಇಟ್ಟುಕೊಂಡು ತಾವೇ ಓಡಿಸುವವರು, ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ವಾಹನ ಸಂಖ್ಯೆ, ಸಹಿ, ಮೊಬೈಲ್ ಸಂಖ್ಯೆ ಬಿಲ್ಲಿನಲ್ಲಿವೆ. ಹಣವನ್ನು ನಗದಾಗಿ ಕೊಟ್ಟೆ. ಈ ಇಡೀ ಪ್ರಯಾಣದಲ್ಲಿ ಒಬ್ಬರಿಗೆ ಒಂದೇ ದಿನ ಕೊಟ್ಟ ನಗದಿನಲ್ಲಿ ಇದೇ ದೊಡ್ಡದು, 10,000 ರೂಪಾಯಿಯ ಮಿತಿಯಿಂದ ಬಹಳ ದೂರದಲ್ಲಿದೆ.

ರಾಷ್ಟ್ರೀಯ ಹೆದ್ದಾರಿ 52ರ ಟೋಲ್‌ನಲ್ಲಿ ಹೋಗುವಾಗ ಕಾರಿನ ಫಾಸ್ಟ್ಯಾಗ್‌ನಲ್ಲಿ ಹಣವಿರಲಿಲ್ಲ. ಯುಪಿಐ ಮೂಲಕ ಕಟ್ಟಿದರೆ ಒಂದೂಕಾಲು ಪಟ್ಟು, ನಗದಾದರೆ ಎರಡು ಪಟ್ಟು ಎಂಬುದು 2025ರ ನವೆಂಬರ್ 15ರಿಂದ ಜಾರಿಯಲ್ಲಿರುವ ನಿಯಮ. 80ರ ಬದಲು 100 ರೂಪಾಯಿಯನ್ನು ನನ್ನ ಮೊಬೈಲಿನಿಂದ ಕಟ್ಟಿದೆ. ದಂಡದ ಸ್ವರೂಪದ ಹೆಚ್ಚುವರಿಯನ್ನು ನಿಯಮ 4.7 ಕೊಡುವುದಿಲ್ಲವಾದ್ದರಿಂದ ಆ 20 ರೂಪಾಯಿಯನ್ನು ಬಿಟ್ಟಿದ್ದೇನೆ. ಹೊರಡುವ ಮುನ್ನವೇ ನಾನು ಕೇಳಬೇಕಿತ್ತು. ಬರುವಾಗ ಫಾಸ್ಟ್ಯಾಗ್‌ನಿಂದ ಕಡಿತವಾದ 80 ರೂಪಾಯಿಯನ್ನು ಚಾಲಕರಿಗೆ ಕೊಟ್ಟಿದ್ದೇನೆ, ಕಡಿತದ ಸಂದೇಶದ ಚಿತ್ರ ಜೊತೆಗಿದೆ.

ಬಿಲ್ ಇಲ್ಲದ ಬಾಬ್ತುಗಳು

ಆಟೊಗೆ ಬಾರಿಗೆ 200 ರೂಪಾಯಿವರೆಗೆ, ಸರಕು ಏರಿಳಿಕೆಗೆ ಒಂದು ಪ್ರಯಾಣಕ್ಕೆ 150 ರೂಪಾಯಿವರೆಗೆ ಬಿಲ್ ಬೇಕಿಲ್ಲ, ಸ್ವಂತ ಘೋಷಣೆ ಸಾಕು. ಮೂರು ಆಟೊಗಳ ಯುಪಿಐ ದಾಖಲೆ ಇದೆ. 15ರಂದು ಬೆಳಗಾವಿಯ ಆಟೊ ಮತ್ತು ಹಮಾಲಿಗಳಿಗೆ ನಗದು ಕೊಟ್ಟೆ, ಅವುಗಳಿಗೆ ನನ್ನ ಘೋಷಣೆಯೇ ಆಧಾರ. ಮುಧೋಳದಲ್ಲಿ ನಿಲ್ದಾಣದಿಂದ ಕಾರ್ಖಾನೆಗೆ ಅವರದೇ ಜೀಪು ಬಂದಿತ್ತು, ಆ ದಿನದ ಸ್ಥಳೀಯ ಖರ್ಚು ಇಲ್ಲ.

ಊಟದ ಭತ್ಯೆ ಪೂರ್ಣ ದಿನಕ್ಕೆ 450. 12ರಂದು ಬೆಳಿಗ್ಗೆ 6.30ಕ್ಕೆ ಹೊರಟೆ, 15ರಂದು ಮಧ್ಯಾಹ್ನ 3.40ಕ್ಕೆ ಬೆಳಗಾವಿ ತಲುಪಿದೆ. ಮೂರು ಪೂರ್ಣ ದಿನಕ್ಕೆ 1,350, ಅರ್ಧ ದಿನಕ್ಕೆ 225. 14ರ ಮಧ್ಯಾಹ್ನದ ಊಟ ಶೀತಲಗೃಹದವರೇ ಹಾಕಿಸಿದ್ದರಿಂದ ನಿಯಮ 6.3ರಂತೆ 150 ಕಳೆದಿದ್ದೇನೆ. ಕೊಲ್ಹಾರದಲ್ಲಿ ಮನೆಗೆಂದು ಕೊಂಡ ಗಡಿಗೆ ಮೊಸರು ಇದರಲ್ಲಿ ಎಲ್ಲಿಯೂ ಇಲ್ಲ.

ಮುಧೋಳದ ಅಂಗಡಿಯಲ್ಲಿ ಕೊಂಡ ಕೇಬಲ್ ಮತ್ತು ಗ್ರೀಸಿನ 340 ರೂಪಾಯಿ ಪ್ರಯಾಣದ ಖರ್ಚಲ್ಲ. ಅದರ ಬಿಲ್ಲನ್ನು ಬಿಡಿಭಾಗಗಳ ವೋಚರ್‌ನಲ್ಲಿ ಬೇರೆಯಾಗಿ ಕೊಟ್ಟಿದ್ದೇನೆ.

ಘೋಷಣೆ

ಮೇಲಿನ ಖರ್ಚುಗಳನ್ನು ಸಂಸ್ಥೆಯ ಕೆಲಸಕ್ಕಾಗಿಯೇ ಮಾಡಿದ್ದೇನೆ. ಇವುಗಳನ್ನು ಗ್ರಾಹಕರಿಂದಾಗಲಿ ಬೇರೆ ಕೋರಿಕೆಯಲ್ಲಾಗಲಿ ಪಡೆದಿಲ್ಲ. ಬಿಲ್ ಇಲ್ಲದ ಬಾಬ್ತುಗಳ ಮೊತ್ತ ನಿಜವಾದದ್ದು.

ಲಗತ್ತುಗಳು: ಸೇವಾ ಆದೇಶ, ಎರಡು ಸೇವಾ ವರದಿಗಳು, ಮುಂಗಡದ ವೋಚರ್ ಪ್ರತಿ, ಪಟ್ಟಿಯ 1ರಿಂದ 11ರವರೆಗಿನ ದಾಖಲೆಗಳು (11ಕ್ಕೆ ಸ್ವಂತ ಘೋಷಣೆ), 12ಕ್ಕೆ ಸ್ವಂತ ಘೋಷಣೆ, ಶಾಖಾ ವ್ಯವಸ್ಥಾಪಕರ ಇಮೇಲ್.

ಪ್ರಶ್ನೆಗಳಿದ್ದರೆ ಬುಧವಾರದವರೆಗೆ ಕಚೇರಿಯಲ್ಲೇ ಇರುತ್ತೇನೆ, ಆಂತರಿಕ ಫೋನ್ 24. ಗುರುವಾರ ಮತ್ತೆ ಜಮಖಂಡಿಗೆ ಹೊರಡುವುದಿದೆ. ಅದರ ಮುಂಗಡದ ಅರ್ಜಿಯನ್ನು ಈ ಲೆಕ್ಕ ತೀರಿದ ಮೇಲೆಯೇ ಕೊಡಬೇಕಾಗಿರುವುದರಿಂದ ಅಷ್ಟರೊಳಗೆ ಮಂಜೂರು ಮಾಡಿದರೆ ಅನುಕೂಲ.

ತಮ್ಮ ವಿಶ್ವಾಸಿ,
ಗೀತಾ
ಸೇವಾ ಎಂಜಿನಿಯರ್