ಅಕ್ಕಗ ಹುಳ ಬಿದ್ದಾವ

ಎರಡು ನಿಮಿಷದ ನಗೆ ಪ್ರಹಸನ. ಮೊಬೈಲ್ ಪರದೆಗೆ, ನಿಲುವು ಚೌಕಟ್ಟು 9:16. ಒಟ್ಟು 120 ಸೆಕೆಂಡ್.

ಜಾಗ: ಗಂಗಾವತಿಯ ಒಂದು ಮನೆಯ ಮಾಳಿಗಿ, ಕೆಳಗಿನ ಒಂದು ಖೋಲಿ. ಉಳಿದವರೆಲ್ಲ ತಂತಮ್ಮ ಊರಲ್ಲಿ, ಒಬ್ಬೊಬ್ಬರಿಗೆ ಒಂದೊಂದೇ ಶಾಟ್.

ಪಾತ್ರಗಳು
ಶರಣ, 24. ಕೀಲಿಮಣೆ ನೋಡಿ ಹೊಡೆಯುತ್ತಾನೆ, ಹೋದದ್ದನ್ನು ತಿರುಗಿ ಓದುವುದಿಲ್ಲ.
ಅವ್ವ, 52.
ಅಕ್ಕ ನಿರ್ಮಲಾ, 29. ರಾಯಚೂರಿಗೆ ಕೊಟ್ಟಾರ. ತವರಿಗೆ ಬಂದು ಮೂರು ದಿನ. ತಲೆನೋವಿನ ಗುಳಿಗೆ ನುಂಗಿ ಮಲಗಿದ್ದಾಳೆ.
ಮಾವ, ನಿರ್ಮಲಾಳ ಗಂಡ, ರಾಯಚೂರು.
ಅತ್ತಿ, ಶರಣನ ಅಪ್ಪನ ಅಕ್ಕ, ಸಿಂಧನೂರು. ಟೈಪ್ ಮಾಡುವುದಿಲ್ಲ, ವಾಯ್ಸ್ ಮಾತ್ರ.
ದೊಡ್ಡಪ್ಪ, ಬಳ್ಳಾರಿ, ನಿವೃತ್ತ ಮಾಸ್ತರ. ಪೂರ್ಣವಿರಾಮ ತಪ್ಪಿಸದ ಮನುಷ್ಯ.
ಪ್ರವೀಣ, ಬೆಂಗಳೂರು. ಕಾಕಾನ ಮಗ.
ಕಾಕಾ, ಕೊಪ್ಪಳ. ಕೊನೆಯ ಮೆಸೇಜ್ ಒಂದನ್ನೇ ನೋಡಿ ಉತ್ತರ ಹಾಕುತ್ತಾನೆ.

ಸಾಮಾನು: 25 ಕೆಜಿಯ ಒಂದು ಅಕ್ಕಿ ಚೀಲ, ಹಾಸಲು ಹಳೆ ಸೀರೆ, ಬಿದಿರಿನ ಮರ, ಬೇವಿನ ಸೊಪ್ಪು ನಾಲ್ಕು ಟೊಂಗೆ, ದಬ್ಬಣ, ಸುತಳಿ. ಚೀಲ ಪೂರ್ತಿ ಸುರಿಯಬೇಡಿ, ಸೀರೆಯ ಮೇಲೆ ಮೂರು ಕೆಜಿ ಹರವಿದರೆ ಕ್ಯಾಮೆರಾಕ್ಕೆ ಸಾಕು. ಹುಳಕ್ಕೆ ಒಂದು ಚಮಚ ಕರಿ ಎಳ್ಳು. ನಿಜವಾದ ಹುಳ ತಂದರೆ ಎರಡನೇ ಟೇಕಿನೊಳಗೆ ಅವೆಲ್ಲ ಸೀರೆಯ ಅಂಚಿಗೆ ಹೋಗಿರುತ್ತವೆ.

0:00–0:14 · ಮಾಳಿಗಿ, ಬೆಳಿಗ್ಗೆ

(ಅವ್ವ ಚೀಲದ ಬಾಯಿ ಬಿಚ್ಚಿ ಒಂದು ಬೊಗಸೆ ಅಕ್ಕಿ ತೆಗೆಯುತ್ತಾಳೆ. ಕ್ಲೋಸಪ್: ಅಂಗೈ, ಬಿಳಿ ಅಕ್ಕಿ, ಕಪ್ಪು ಚುಕ್ಕಿಗಳು.)

ಅವ್ವ: ನೋಡಲೇ ಶರಣ್ಯಾ, ಅಕ್ಕಿಗ ಹುಳ ಬಿದ್ದಾವ. ಮಳಿಗಾಲದಾಗ ಬಾಯಿ ಬಿಗ್ಯಾಗಿ ಕಟ್ಟಂದ್ರ ಕಟ್ಟಲಿಲ್ಲ. ಎಲ್ಲಾರ ಪಾಲೂ ಇದರಾಗ ಐತಿ. ಗ್ರೂಪಿನ್ಯಾಗ ಒಂದು ಮಾತು ಹಾಕು.

(ಶರಣನ ಪರದೆ, ಇಡೀ ಚೌಕಟ್ಟು. ಗ್ರೂಪಿನ ಹೆಸರು: ನಮ್ಮ ಮನಿ ಮಂದಿ. ಅವನು akk ಎಂದು ಹೊಡೆಯುತ್ತಿದ್ದ ಹಾಗೆ ಮೇಲೆ ಮೂರು ಪದ ಬರುತ್ತವೆ: ಅಕ್ಕ, ಅಕ್ಕಗ, ಅಕ್ಕಿ. ದಿನಾ ಅಕ್ಕನಿಗೇ ಮೆಸೇಜ್ ಹಾಕುವ ಫೋನು, ಅದಕ್ಕೇ ಅಕ್ಕಿ ಮೂರನೆಯದು. ಹೆಬ್ಬೆರಳು ಎರಡನೆಯದರ ಮೇಲೆ ಬೀಳುತ್ತದೆ. ಈ ಬೆರಳು ಒಂದೂವರೆ ಸೆಕೆಂಡ್ ಕಾಣಲೇಬೇಕು. ನೋಡುವವರಿಗೆ ಇದು ತಪ್ಪಿತೆಂದರೆ ಮುಂದಿನದ್ಯಾವುದೂ ಹತ್ತುವುದಿಲ್ಲ.)

ಶರಣ (10:40): ಅಕ್ಕಗ ಹುಳ ಬಿದ್ದಾವ. ಯಾರೂ ಗಾಬ್ರಿ ಆಗಬ್ಯಾಡ್ರಿ. ಮಾಳಿಗಿ ಮ್ಯಾಲ ಹರವೀನಿ.

0:14–0:34 · ಮೊದಲ ಉತ್ತರಗಳು

(ಪ್ರತಿ ಮೆಸೇಜಿಗೂ ಒಂದೇ ‘ಟಿಂಗ್’. ಹಿನ್ನೆಲೆ ಸಂಗೀತ ಇಲ್ಲ.)

ಅತ್ತಿ (ವಾಯ್ಸ್, ಹಿಂದೆ ಕುಕ್ಕರ್ ಸೀಟಿ): ಎವ್ವಾ! ಯಾವ ಹುಳನೋ? ತಲ್ಯಾಗೋ, ಹೊಟ್ಯಾಗೋ?

ಶರಣ (10:43): ತೆಳಗಿಂದ ಮ್ಯಾಲಿನ ತನಕ ಅದಾವ್ರಿ ಅತ್ತಿ. ಕರ್ರನ್ನು, ಸಣ್ಣ ಸೊಂಡಿ ಇರ್ತೈತಲ್ರಿ, ಅವು.

(ರಾಯಚೂರು. ಮಾವ ಚಹಾದ ಕಪ್ಪು ಬಾಯಿಗೆ ಹಿಡಿದವನು ಹಾಗೇ ನಿಲ್ಲುತ್ತಾನೆ.)

ಮಾವ (10:44): ನಿನ್ನೆ ತಲಿನೋವು ಅಂತಿದ್ಲು. ಡಾಕ್ಟ್ರಿಗೆ ತೋರಿಸಿದ್ರೇನು?

ಶರಣ (10:44): ಇದಕ್ಯಾಕ ಡಾಕ್ಟ್ರು ಮಾವ? ಪ್ರತಿ ಮಳಿಗಾಲ ಇದ್ದದ್ದ ಐತಲ್ರಿ.

(ಮಾವ ಕಪ್ಪು ಕೆಳಗಿಡುತ್ತಾನೆ. ಮದುವೆಯಾಗಿ ಐದು ಮಳಿಗಾಲ ಕಳೆದ ಲೆಕ್ಕ ಮುಖದಲ್ಲಿ ಕಾಣಬೇಕು. ಮಾತು ಬೇಡ.)

ಅವ್ವ (ಚೌಕಟ್ಟಿನ ಹೊರಗಿಂದ): ಬಿಸಲಾಗ ಬ್ಯಾಡಲೇ, ಕಾಳು ಸೀಳ್ತಾವ, ಅನ್ನ ಮಾಡಿದ್ರ ನುಚ್ಚಾಕ್ಕೈತಿ. ನೆಳ್ಳಿಗೆ ಎಳಿ!

ಶರಣ (10:46): ಬಿಸಲಾಗ ಇಟ್ರ ಸೀಳ್ತಾವಂತ. ಅಕ್ಕ ನೆಳ್ಳಿಗೆ ಎಳದೀನಿ.

0:34–0:58 · ಮರ

(ಅವ್ವ ಮರದಲ್ಲಿ ಅಕ್ಕಿ ಹಾಕಿ ಕೇರುತ್ತಿದ್ದಾಳೆ. ನಾಲ್ಕು ಹೊಡೆತ ಕೇರಿ ಒಂದು ಸಲ ಕೊಂಚ ಓರೆ ಹಿಡಿದು ಜಾಡಿಸಬೇಕು, ಆಗ ಹುಳ, ಹೊಟ್ಟು ತುದಿಗೆ ಬರುತ್ತವೆ. ಕೇರಲು ಬಾರದ ನಟಿಯಾದರೆ ಕೈಯ ಕ್ಲೋಸಪ್ಪಿಗೆ ಮನೆಯ ಹೆಣ್ಣುಮಗಳನ್ನೇ ಕೂಡಿಸಿ. ನಮ್ಮ ಕಡೆ ನೋಡುವವರು ಬೇರೆ ಏನನ್ನು ಕ್ಷಮಿಸಿದರೂ ಇದನ್ನು ಕ್ಷಮಿಸುವುದಿಲ್ಲ.)

ಶರಣ (10:55): ಅಕ್ಕ ಮರದಾಗ ಹಾಕಿ ಕೇರಾಕ ಕುಂತಾಳ ಅವ್ವ. ನಾ ಬೇವಿನ ಸೊಪ್ಪು ತಂದೀನಿ.

ಪ್ರವೀಣ (10:56): ಮರದಾಗ? ಯಾವ ಮರ?

ಶರಣ (10:56): ಬಿದರಿಂದು. ಮೊನ್ನೆ ಸಗಣಿ ಬಳದೈತಿ.

ಅತ್ತಿ (ವಾಯ್ಸ್, ದನಿ ಏರಿದೆ, ಈಗ ಕುಕ್ಕರ್ ಇಲ್ಲ, ಬಾಗಿಲು ಹಾಕುವ ಸದ್ದು): ನಾ ಅವತ್ತ ಅಂದೆ, ಹುಡುಗಿಗೆ ಗಾಳಿ ಬಡದೈತಿ ಅಂತ! ಬೇವಿನ ಸೊಪ್ಪು, ಸಗಣಿ... ಹುಲಿಗೆವ್ವಾ ತಾಯಿ, ಬರೋ ಹುಣ್ಣಿವಿಗೆ ನಿನ್ನ ಗುಡಿಗೆ ಬರ್ತೀನಿ!

ದೊಡ್ಡಪ್ಪ (10:59): ಶರಣಬಸವ. ಮೂಢನಂಬಿಕೆ ಬೇಡ. ಹುಡುಗಿಯನ್ನು ತಕ್ಷಣ ಬಳ್ಳಾರಿಗೆ ಕಳುಹಿಸಿ. ನಾನು ನೋಡಿಕೊಳ್ಳುತ್ತೇನೆ.

(ಶರಣ ‘ಬಳ್ಳಾರಿಗೆ ಕಳುಹಿಸಿ’ ಅಷ್ಟನ್ನೇ ಓದುತ್ತಾನೆ. ಫೋನು ರಿಂಗ್ ಆಗುತ್ತದೆ, ಮಾವನ ಹೆಸರು. ಕಟ್ ಮಾಡುತ್ತಾನೆ.)

ಶರಣ (ಅವ್ವಗ): ಗ್ರೂಪಿನ್ಯಾಗ ಬಿಡಿಸಿ ಬಿಡಿಸಿ ಹೇಳಾಕತ್ತೀನಿ, ಮತ್ತ ಫೋನ್ಯಾಕ ಮಾಡ್ತಾರ ಏನೋ.

(ಈ ಮಾತು ಬಿಡಬೇಡಿ. ‘ಒಂದು ಫೋನ್ ಮಾಡಿದ್ರ ಮುಗೀತಿತ್ತಲ್ಲ’ ಎಂದು ನೋಡುವವನು ಅನ್ನುವ ಜಾಗ ಇದೇ.)

0:58–1:20 · ಪಾಲು

(ಶರಣನ ಮುಖದಲ್ಲಿ ಕೆಲಸ ಮುಗಿಯುತ್ತಾ ಬಂದ ತೃಪ್ತಿ. ನಟ ನಗಬಾರದು. ಈ ಹುಡುಗನಿಗೆ ಇದು ಅಕ್ಕಿಯ ಲೆಕ್ಕ, ಅಷ್ಟೇ.)

ಶರಣ (11:20): ದೊಡ್ಡಪ್ಪ, ನಿಮ್ಮ ಪಾಲಿಂದು ತೂಕ ಹಾಕೀನಿ. ಚೀಲದಾಗ ತುಂಬಿ, ಬಾಯಿ ಸುತಳಿಲೆ ಹೊಲದು, 2 ಗಂಟೆ ಬಳ್ಳಾರಿ ಬಸ್ಸಿಗೆ ಹಾಕ್ತೀನಿ.

(ಬಳ್ಳಾರಿ. ದೊಡ್ಡಪ್ಪ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದುತ್ತಾರೆ.)

ದೊಡ್ಡಪ್ಪ (11:22): ಚೀಲದಲ್ಲಿ

(ಪೂರ್ಣವಿರಾಮ ಇಲ್ಲ. ಮೆಸೇಜನ್ನು ಎರಡು ಸೆಕೆಂಡ್ ಖಾಲಿ ಬಿಡಿ.)

ಶರಣ (11:23): ಯಾರೂ ಜಗಳಾ ಮಾಡಬ್ಯಾಡ್ರಿ. ಅಕ್ಕ ಎಲ್ಲಾರಿಗೂ ಸಮ ಹಂಚ್ತೀವಿ. ಕಾಕಾ, ನಿಮ್ಮುದು ಕಟ್ಟಿ ಇಟ್ಟೀನಿ, ಬಂದು ಒಯ್ಯಿರಿ.

(ಕೊಪ್ಪಳ. ಕಾಕಾ ದಂಡೆಯಿದ್ದ ದೇವರ ಫೋಟೊದ ‘ಶುಭ ಮುಂಜಾನೆ’ ಕಳಿಸುವುದರಲ್ಲಿದ್ದಾನೆ. ಕೊನೆಯ ಮೆಸೇಜ್ ಓದುತ್ತಾನೆ. ಫೋಟೊ ಅಳಿಸುತ್ತಾನೆ.)

ಕಾಕಾ (11:31): ಓಂ ಶಾಂತಿ 🙏💐

(ಇಲ್ಲಿಂದ ಟಿಂಗ್ ಟಿಂಗ್ ಟಿಂಗ್. ನಾಲ್ಕು ಸೆಕೆಂಡಿನಲ್ಲಿ ಒಂಬತ್ತು ‘ಓಂ ಶಾಂತಿ’, ನಡುವೆ ಯಾರದೋ ಒಂದು ‘ಬಹಳ ಒಳ್ಳೆ ಹುಡುಗಿ ಇತ್ತು’, ಕಡೆಗೆ ನಂಬರಷ್ಟೇ ಕಾಣುವ ಒಬ್ಬನ ‘ಮಣ್ಣು ಎಷ್ಟಕ್ಕ?’. ಪರದೆ ಓಡುತ್ತಲೇ ಇರಬೇಕು. ಆ ಕೊನೆಯದನ್ನು ಮಾತ್ರ ಒಂದು ಸೆಕೆಂಡ್ ನಿಲ್ಲಿಸಿ.)

1:20–1:40 · ಹೊಸದು

(ಕಾರಿನೊಳಗೆ ಮಾವ. ಸ್ಟೇರಿಂಗ್ ಎಡಕ್ಕೆ ತಿರುಗಿಸಿ ರಸ್ತೆ ಬದಿಗೆ ನಿಲ್ಲಿಸಿದ ಮೇಲೆ ಟೈಪ್ ಮಾಡುತ್ತಾನೆ. ಗಾಡಿ ಓಡಿಸುತ್ತಾ ಟೈಪ್ ಮಾಡುವ ಶಾಟ್ ಬೇಡ.)

ಮಾವ (12:05): ಮಾನ್ವಿ ದಾಟೀನಿ. ನಾ ಬರೂತನಕ ಏನೂ ಮಾಡಬ್ಯಾಡ್ರಿ.

ಶರಣ (12:06): ಬಿಸಲಾಗ ಯಾಕ ಬರ್ತೀರಿ ಮಾವ. ಇದು ಹೆಂಗಿದ್ರೂ ಹಳೇದು. ಡಿಸೆಂಬರಿನ್ಯಾಗ ಹೊಸದು ಬರ್ತೈತಿ, ಚೊಲೋ ನೋಡಿ ನಾನ ತಂದು ಕೊಡ್ತೀನಿ.

(ಮಾವನ ಪರದೆ. ‘ಟೈಪ್ ಮಾಡುತ್ತಿದ್ದಾರೆ’ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕಣ್ಣೊರೆಸಿಕೊಳ್ಳುತ್ತಾನೆ. ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಳ್ಳುತ್ತಾನೆ. ಕೂದಲು ಸರಿಮಾಡಿಕೊಳ್ಳುತ್ತಾನೆ.)

ಮಾವ (12:09): ಹೊಸದು ಅಂದ್ರ... ಯಾರು?

1:40–2:00 · ಖೋಲಿ, ಮಾಳಿಗಿ

(ಖೋಲಿ. ಚಾರ್ಜಿಗೆ ಹಾಕಿದ ಫೋನು ಗುರುಗುಡುತ್ತಿದೆ. ನಿರ್ಮಲಾ ಒಂದು ಕಣ್ಣು ತೆರೆದು ಎತ್ತಿಕೊಳ್ಳುತ್ತಾಳೆ. ಗ್ರೂಪಿನ ಮುಂದೆ 64 ಎಂಬ ಸಂಖ್ಯೆ. ಕೊನೆಯದನ್ನು ಮೊದಲು ಓದುತ್ತಾಳೆ, ಎದ್ದು ಕೂರುತ್ತಾಳೆ. ಮೇಲಕ್ಕೆ ಸರಿಸುತ್ತಾಳೆ. ಸರಿಸುತ್ತಲೇ ಇರುತ್ತಾಳೆ.)

ಅಕ್ಕ (12:12): ನಾ ಇನ್ನೂ ಇದೀನ್ರಿ.

(ಮಾಳಿಗಿ. ಶರಣ ಈಗ ಮೊದಲ ಸಲ ತನ್ನ ಮೆಸೇಜುಗಳನ್ನು ತಾನೇ ಓದುತ್ತಾನೆ. ಬಾಯಿ ತೆರೆಯುತ್ತದೆ. ಕೈ ನಡುಗುತ್ತದೆ, ಗಡಬಡಿಸಿ ಹೊಡೆಯುತ್ತಾನೆ. ಕ್ಲೋಸಪ್: akk. ಮೂರು ಪದ. ಅದೇ ಹೆಬ್ಬೆರಳು.)

ಶರಣ (12:13): ತಪ್ಪಾತ್ರಿ ಎಲ್ಲಾರೂ! ನಾ ಹೇಳಿದ್ದು ಅಕ್ಕ ಅಲ್ರಿ, ಅಕ್ಕ!

ಅತ್ತಿ (ವಾಯ್ಸ್, ಬಸ್ಸಿನ ಸದ್ದು): ಯಾವ ಅಕ್ಕಲೇ? ನಿಮ್ಮಪ್ಪನ ಅಕ್ಕ? ನನಗೇನಾಗೈತೋ?

(ಮೆಟ್ಟಿಲ ಮೇಲೆ ಗೆಜ್ಜೆ ಸದ್ದು, ಒಂದೊಂದೇ ಮೆಟ್ಟಿಲು. ಅವ್ವ ಮರವನ್ನು ಸುಮ್ಮನೆ ಪಕ್ಕಕ್ಕಿಟ್ಟು, ಸೀರೆಯ ಅಂಚು ಮಡಚಿ ಅಕ್ಕಿ ಸುರಕ್ಷಿತ ಮಾಡುತ್ತಾಳೆ. ಹೆಣ್ಣಿನ ಕೈಯೊಂದು ಆ ಖಾಲಿ ಮರ ಎತ್ತಿಕೊಳ್ಳುತ್ತದೆ. ಮುಖ ತೋರಿಸಬೇಡಿ.)

ಅಕ್ಕ (ಹೊರಗಿಂದ, ಮೆಲ್ಲಗ): ಶರಣ್ಯಾ, ಫೋನ್ ತೆಳಗ ಇಡಪಾ.

(ಅಕ್ಕಿಯ ಮೇಲೆ ಬಿದ್ದ ಫೋನು. ಮರದ ‘ಫಟ್’ ಸದ್ದು ಒಂದೇ ಸಲ. ಪರದೆ ಬೆಳಗುತ್ತದೆ. ಟಿಂಗ್.)

ಕಾಕಾ (12:15): ಓಂ ಶಾಂತಿ 🙏💐

(ಕತ್ತಲು.)